ಫೋಟೊದಲ್ಲಿದ್ದ ಕಪ್ಪು ಚಕ್ರ ಟೆನ್ಷನರೋ ಐಡ್ಲರೋ: ಒಂದು ಪ್ರಕರಣ ಅಧ್ಯಯನ

ಬಾನೆಟ್ ಎತ್ತಿ ಮೇಲಿನಿಂದ ತೆಗೆದ ಒಂದು ಫೋಟೊ. ಜೊತೆಗೆ ಕಾರಿನ ಮಾಲೀಕರ ಪ್ರಶ್ನೆ: "ಸರ್, ಬೆಲ್ಟ್ ಹತ್ರ ಇರೋ ಈ ಕಪ್ಪು ಚಕ್ರಕ್ಕೆ ಏನಂತಾರೆ? ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಇಲ್ಲಿಂದ್ಲೇ ಗರಗರ ಅಂತ ಸದ್ದು ಬರತ್ತೆ. ನೋಡಿದೋರು ಟೆನ್ಷನರ್ ಅಂದ್ರು. ಆರ್ಡರ್ ಮಾಡ್ಲಾ?"

ಕಾರಿನದು ಅಡ್ಡಲಾಗಿ ಕೂರಿಸಿದ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಒಳಗೆ ವಾಲ್ವುಗಳನ್ನು ನಡೆಸುವ ಟೈಮಿಂಗ್ ಚೈನ್, ಹೊರಗೆ ಒಂದೇ ಒಂದು ಬೆಲ್ಟ್, ಆಕ್ಸೆಸರಿ ಬೆಲ್ಟ್ ಎನ್ನುವುದು. ಆಲ್ಟರ್ನೇಟರ್, ನೀರಿನ ಪಂಪ್, ಎ.ಸಿ. ಕಂಪ್ರೆಸರ್ ಮೂರನ್ನೂ ಆ ಬೆಲ್ಟೇ ತಿರುಗಿಸುತ್ತದೆ. ಸ್ಟೀರಿಂಗ್ ವಿದ್ಯುತ್ತಿನದಾದ್ದರಿಂದ ಅದರ ಪಂಪ್ ಇಲ್ಲ. ಫೋಟೊದಲ್ಲಿ ಕಾಣುವುದು ಇಷ್ಟು: ಎಂಜಿನ್ ಮೌಂಟಿನ ಪಕ್ಕದ ಕಿರಿದಾದ ಸಂದಿ, ಅದರೊಳಗೆ ಬೆಲ್ಟಿನ ಒಂದು ತುಂಡು, ಬೆಲ್ಟಿಗೆ ಒತ್ತಿಕೊಂಡ ಕಪ್ಪು ಪ್ಲಾಸ್ಟಿಕ್ ಚಕ್ರ, ಚಕ್ರದ ನಡುವೆ ಒಂದು ಬೋಲ್ಟ್. ಫ್ಲ್ಯಾಶ್ ಬಿದ್ದು ಬೋಲ್ಟಿನ ತಲೆ ಬೆಳ್ಳಗೆ ಹೊಳೆಯುತ್ತಿದೆ, ಅದರ ಹಿಂದೆ ಏನಿದೆಯೋ ಪೂರಾ ಕತ್ತಲು.

ಇಂಥ ಫೋಟೊ ನೋಡಿದ ತಕ್ಷಣ ಬಾಯಿಗೆ ಬರುವ ಹೆಸರು ಟೆನ್ಷನರ್ ಎಂಬುದೇ. ಆದರೆ ಫೋಟೊದಲ್ಲಿ ಅದಕ್ಕೆ ಆಧಾರವೇ ಇಲ್ಲ. ಟೆನ್ಷನರ್ ಎಂದರೆ ಚಕ್ರವಲ್ಲ. ಒಂದು ಸ್ಪ್ರಿಂಗ್ ಡಬ್ಬಿ, ಅದರಿಂದ ಹೊರಟ ತೋಳು, ತೋಳಿನ ತುದಿಯಲ್ಲಿ ಒಂದು ಚಕ್ರ, ಇವು ಮೂರೂ ಸೇರಿ ಬೆಲ್ಟನ್ನು ಬಿಗಿಯಾಗಿ ಹಿಡಿದರೆ ಅದು ಟೆನ್ಷನರ್. ಅದೇ ಥರದ ಚಕ್ರ ತೋಳಿಲ್ಲದೆ ನೇರವಾಗಿ ಎಂಜಿನ್ನಿಗೋ ಬ್ರ್ಯಾಕೆಟ್ಟಿಗೋ ಬೋಲ್ಟ್ ಆಗಿ ಕೂತಿದ್ದರೆ ಅದು ಐಡ್ಲರ್ ಪುಲ್ಲಿ. ಕೆಲವು ಕ್ಯಾಟಲಾಗುಗಳಲ್ಲಿ ಗೈಡ್ ಪುಲ್ಲಿ, ಡಿಫ್ಲೆಕ್ಷನ್ ಪುಲ್ಲಿ ಎಂದಿರುವುದೂ ಇದೇ. ಬೆಲೆಯಲ್ಲಿ ಎರಡಕ್ಕೂ ಬಹಳ ಅಂತರ, ಕಳಚುವ ಕೆಲಸದಲ್ಲೂ ಅಂತರ. ಎದುರಿನಿಂದ ನೋಡಿದರೆ ಮಾತ್ರ ಎರಡೂ ಒಂದೇ ಮುಖ.

ಮೊದಲ ಫೋಟೊದಿಂದ ಎಷ್ಟು ಹೇಳಬಹುದು

ಚಕ್ರ ಮುಚ್ಚಳವಿಲ್ಲದೆ ಬಯಲಲ್ಲಿದೆ, ಅದರ ಮೇಲೆ ಓಡುವುದು ಉದ್ದುದ್ದ ಏಣುಗಳಿರುವ ಚಪ್ಪಟೆ ಬೆಲ್ಟ್. ಹಾಗಾಗಿ ಇದು ಟೈಮಿಂಗ್ ಕಡೆಯದಲ್ಲ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್‌ಗಳಲ್ಲೂ ಒಂದು ಟೆನ್ಷನರ್, ಒಂದೆರಡು ಐಡ್ಲರ್ ಇರುತ್ತವೆ, ಆದರೆ ಅವು ಪ್ಲಾಸ್ಟಿಕ್ ಕವರಿನೊಳಗೆ ಅಡಗಿರುತ್ತವೆ ಮತ್ತು ಆ ಬೆಲ್ಟಿಗೆ ಅಡ್ಡ ಹಲ್ಲುಗಳಿರುತ್ತವೆ. ಬಿಡಿಭಾಗ ಕೇಳುವಾಗ ಬರೀ "ಬೆಲ್ಟ್ ಟೆನ್ಷನರ್" ಎಂದರೆ ಟೈಮಿಂಗ್ ಕಡೆಯದೇ ಕೈಗೆ ಬರಬಹುದು. ಈ ಕಾರಿನಲ್ಲಿ ಟೈಮಿಂಗ್ ಬೆಲ್ಟೇ ಇಲ್ಲವಾದ್ದರಿಂದ ಆ ಗೊಂದಲ ಇರಲಿಲ್ಲ.

ಚಕ್ರದ ಮೈ ನುಣುಪು. ಬೆಲ್ಟಿನ ಏಣುಗಳು ಒಳಮುಖಕ್ಕಿವೆ, ಚಕ್ರಕ್ಕೆ ತಾಗುತ್ತಿರುವುದು ಬೆಲ್ಟಿನ ಬೆನ್ನು. ಆಲ್ಟರ್ನೇಟರ್, ಕಂಪ್ರೆಸರ್, ಬೆಲ್ಟನ್ನು ಎಳೆಯುವ ಕ್ರ್ಯಾಂಕ್ ಇವುಗಳ ಪುಲ್ಲಿಯಲ್ಲಿ ಏಣು ಕೂರುವ ತೋಡುಗಳಿರಬೇಕು, ಆದ್ದರಿಂದ ಈ ಮೂರೂ ಅಲ್ಲ. ಇಲ್ಲಿ ಅವಸರ ಮಾಡಿದರೆ ಎಡವುವ ಜಾಗವೊಂದಿದೆ. ಕೆಲವು ಎಂಜಿನ್‌ಗಳಲ್ಲಿ ನೀರಿನ ಪಂಪನ್ನೂ ಬೆಲ್ಟಿನ ಬೆನ್ನೇ ತಿರುಗಿಸುತ್ತದೆ, ಆಗ ಅದರ ಪುಲ್ಲಿಯೂ ನುಣುಪಾಗಿಯೇ ಇರುತ್ತದೆ. ಅದನ್ನು ಬೇರೆ ಮಾಡಿ ನೋಡುವುದು ಬೋಲ್ಟಿನಿಂದ. ಪಂಪಿನ ಪುಲ್ಲಿಯಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಸಣ್ಣ ಬೋಲ್ಟುಗಳು ವೃತ್ತಾಕಾರವಾಗಿ ಕೂತಿರುತ್ತವೆ, ಇಲ್ಲವೇ ಪುಲ್ಲಿಯನ್ನು ಶಾಫ್ಟಿಗೆ ಒತ್ತಿ ಕೂರಿಸಿ ಬೋಲ್ಟೇ ಇರುವುದಿಲ್ಲ. ನಡುವೆ ಒಂದೇ ದಪ್ಪ ಬೋಲ್ಟ್ ಇದ್ದು, ಅದರ ಸುತ್ತ ಬೇರಿಂಗಿನ ಉಂಗುರ ಕಂಡರೆ ಅದು ತನ್ನಷ್ಟಕ್ಕೆ ತಿರುಗುವ ಚಕ್ರ. ಇಲ್ಲಿ ಕಂಡದ್ದು ಅದೇ.

ಮೊದಲ ಫೋಟೊ ಇಲ್ಲಿಗೆ ಮುಗಿಯಿತು. ಟೆನ್ಷನರಿನ ಚಕ್ರ ಅಥವಾ ಐಡ್ಲರ್, ಎರಡರಲ್ಲಿ ಒಂದು. ಯಾವುದು ಎಂಬುದು ಚಕ್ರದ ಹಿಂದಿನ ಕತ್ತಲಲ್ಲಿ ಉಳಿಯಿತು.

ಎರಡನೆಯ ಫೋಟೊ, ಮತ್ತು ಅದು ಮಾಡಿದ ಎಡವಟ್ಟು

ಮಾಲೀಕರಿಂದ ಇನ್ನೊಂದು ಫೋಟೊ ಕೇಳಲಾಯಿತು, ಹೇಗೆ ತೆಗೆಯಬೇಕೆಂದು ಬಿಡಿಸಿ ಹೇಳಿ. ಎಂಜಿನ್ ಆಫ್, ಕೀ ಜೇಬಿನಲ್ಲಿ, ಎಂಜಿನ್ ತಣ್ಣಗೆ. ಎಂಜಿನ್ ನಿಂತಿದ್ದರೂ ರೇಡಿಯೇಟರಿನ ಫ್ಯಾನ್ ತಾನಾಗಿ ತಿರುಗಬಹುದು, ಅದಕ್ಕೇ ಈ ಎಚ್ಚರ. ಫೋನನ್ನು ಸಂದಿಯೊಳಗೆ ಇಳಿಸಿ, ಚಕ್ರದ ಅಂಚು ಕಾಣುವಂತೆ ಪಕ್ಕದಿಂದ ತೆಗೆಯಬೇಕು. ಫ್ಲ್ಯಾಶ್ ಬೇಡ. ಬೇರೊಂದು ಟಾರ್ಚನ್ನು ಓರೆಯಾಗಿ ಹಿಡಿದರೆ ಉಬ್ಬು ಅಕ್ಷರಗಳೂ ನೆರಳು ಬಿದ್ದು ಓದಲು ಸಿಗುತ್ತವೆ. ಕಳಿಸುವಾಗ ಫೋಟೊ ಎಂದಲ್ಲದೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಮೆಸೇಜ್ ಆಪ್‌ಗಳು ಫೋಟೊವನ್ನು ಕುಗ್ಗಿಸಿ ಕಳಿಸುತ್ತವೆ, ಆಗ ಸಣ್ಣ ನಂಬರುಗಳೆಲ್ಲ ಮಸಿ ಬಳಿದಂತಾಗುತ್ತವೆ.

ಬಂದ ಫೋಟೊ ಚೆನ್ನಾಗಿತ್ತು. ಕಪ್ಪು ಚಕ್ರದ ಹಿಂದೆ ಅಲ್ಯೂಮಿನಿಯಂ ತೋಳು, ತೋಳಿನ ಬುಡದಲ್ಲಿ ದುಂಡನೆಯ ಡಬ್ಬಿ. ಡಬ್ಬಿಯ ಅಂಚಿನಲ್ಲಿ ಎರಡು ಗೆರೆ, ತೋಳಿನಲ್ಲಿ ಒಂದು ಸಣ್ಣ ಮುಳ್ಳು. ತೋಳಿನ ಮೇಲೆ ಸ್ಪ್ಯಾನರ್ ಹಿಡಿಯಲು ಎರಕದಲ್ಲೇ ಮೂಡಿಸಿದ ಆರು ಮೂಲೆಯ ಗುಬುಟು. ಆಟೊಮ್ಯಾಟಿಕ್ ಟೆನ್ಷನರ್ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಕೆಲವು ಎಂಜಿನ್‌ಗಳಲ್ಲಿ ಗುಬುಟಿನ ಬದಲು ರ್‍ಯಾಚೆಟ್ಟಿನ ಚೌಕ ಕೂರುವ ತೂತು ಇರುತ್ತದೆ. ಇನ್ನು ಕೆಲವಲ್ಲಿ ಸ್ಪ್ರಿಂಗ್ ಡಬ್ಬಿಯೇ ಇಲ್ಲದೆ ಪುಟ್ಟ ಶಾಕ್ ಅಬ್ಸಾರ್ಬರಿನಂಥ ಹೈಡ್ರಾಲಿಕ್ ಕೊಳವೆಯೊಂದು ತೋಳನ್ನು ತಳ್ಳುತ್ತಿರುತ್ತದೆ.

ಹಾಗಾದರೆ ಮೊದಲು ಹೇಳಿದವರ ಮಾತೇ ಸರಿ ಎನ್ನಬೇಕು. ಆದರೆ ಎರಡೂ ಫೋಟೊಗಳನ್ನು ಅಕ್ಕಪಕ್ಕ ಇಟ್ಟಾಗ ಒಂದು ಸಂಗತಿ ಹೊಂದಲಿಲ್ಲ. ಎರಡನೆಯ ಫೋಟೊದ ಚಕ್ರದ ನಡುವೆ ಬೋಲ್ಟ್ ಕಾಣುವುದೇ ಇಲ್ಲ, ಅದರ ಮೇಲೆ ಪ್ಲಾಸ್ಟಿಕ್ಕಿನ ಡಸ್ಟ್ ಕ್ಯಾಪ್ ಕೂತಿದೆ. ಮೊದಲ ಫೋಟೊದಲ್ಲಿ ಕ್ಯಾಪ್ ಇಲ್ಲ, ಬೋಲ್ಟಿನ ತಲೆ ಬರಿದಾಗಿದೆ, ಅದರ ಬುಡದಲ್ಲಿ ವಾಷರಿನಂತೆ ಅಗಲವಾದ ಕಾಲರ್ ಇದೆ. ಒಂದೇ ಚಕ್ರದ ಕ್ಯಾಪ್ ಎರಡು ಫೋಟೊಗಳ ನಡುವೆ ತಾನಾಗಿ ಹುಟ್ಟಲಾರದು. ಅಂದರೆ ಅಲ್ಲಿರುವುದು ಎರಡು ಚಕ್ರ. ಮಾಲೀಕರು ಫೋನನ್ನು ಬೇರೆ ಕಡೆಯಿಂದ ಇಳಿಸಿದಾಗ ಪಕ್ಕದ ಇನ್ನೊಂದು ಕಪ್ಪು ಚಕ್ರ ಸಿಕ್ಕಿದೆ, ಅವರಿಗೆ ಗೊತ್ತಾಗಿಲ್ಲ.

ಫೋಟೊ ನೋಡಿ ಹೆಸರು ಹೇಳುವವರು ಸೋಲುವುದು ಬಹುಪಾಲು ಇಲ್ಲಿಯೇ. ಎರಡನೆಯ ಫೋಟೊ ಮೊದಲನೆಯದರದ್ದೇ ಹತ್ತಿರದ ನೋಟ ಎಂದು ನಂಬಿಬಿಡುತ್ತೇವೆ. ಎರಡರಲ್ಲೂ ಇರುವ ಒಂದು ಗುರುತು, ಕಲೆಯಾಗಲಿ ಗೀರಾಗಲಿ ವೈರಿನ ಕ್ಲಿಪ್ಪಾಗಲಿ, ಹೊಂದಿಸಿ ನೋಡುವವರೆಗೆ ಅವು ಒಂದೇ ವಸ್ತುವಿನವೆಂದು ಲೆಕ್ಕ ಹಿಡಿಯಬಾರದು. ವಿಡಿಯೊ ಕಾಲಿನಲ್ಲಿ ತೋರಿಸುವವರ ಫೋನ್ ಕನ್ನಡಿಯಂತೆ ಎಡಬಲ ತಿರುಗಿಸಿಬಿಟ್ಟಿರುವುದೂ ಉಂಟು. ಬೆಲ್ಟಿನ ಬೆನ್ನಿನ ಅಕ್ಷರಗಳು ಉಲ್ಟಾ ಇವೆಯೇ ಎಂದು ನೋಡಿದರೆ ಅದು ಸಿಕ್ಕಿಬೀಳುತ್ತದೆ.

ಬೆಲ್ಟಿನ ಓಟ ಹಿಡಿದು ಹೋಗುವುದು

ಮೂರನೆಯದಾಗಿ ಕೇಳಿದ್ದು ದೂರದ ಫೋಟೊ. ಕಾರಿನ ಮುಂದಿನ ಗಾಲಿಯನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಅದರ ಸಂದಿಯಿಂದ ಬೆಲ್ಟಿನ ಇಡೀ ದಾರಿ ಸಾಧ್ಯವಾದಷ್ಟು ಒಟ್ಟಿಗೆ ಬರುವಂತೆ ತೆಗೆದದ್ದು. ಅದರಿಂದ ದಾರಿ ಸ್ಪಷ್ಟವಾಯಿತು. ಕೆಳಗೆ ಕ್ರ್ಯಾಂಕ್ ಪುಲ್ಲಿ. ಅಲ್ಲಿಂದ ಹೊರಟ ಬೆಲ್ಟ್ ಮೊದಲು ಒಂದು ನುಣುಪು ಚಕ್ರ ದಾಟಿ ಆಲ್ಟರ್ನೇಟರಿಗೆ ಹೋಗುತ್ತದೆ. ಆಲ್ಟರ್ನೇಟರ್ ಸುತ್ತಿ ಬಂದು ಇನ್ನೊಂದು ನುಣುಪು ಚಕ್ರದ ಮೇಲೆ ಮಡಿಚಿ ನೀರಿನ ಪಂಪಿಗೆ, ಅಲ್ಲಿಂದ ಕಂಪ್ರೆಸರಿಗೆ, ಮತ್ತೆ ಕ್ರ್ಯಾಂಕಿಗೆ. ಆಲ್ಟರ್ನೇಟರಿನ ಆಚೆಗೊಂದು ಈಚೆಗೊಂದು ಕಪ್ಪು ಚಕ್ರ. ಮೇಲಿನಿಂದ ಬಗ್ಗಿ ನೋಡಿದವರಿಗೆ ಒಂದೇ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ತೋಳು ಕಾಣದಿದ್ದರೂ ಯಾವುದು ಟೆನ್ಷನರ್ ಎಂದು ಊಹಿಸಲು ಇಲ್ಲಿ ಒಂದು ತರ್ಕವಿದೆ. ಬೆಲ್ಟನ್ನು ಎಳೆಯುವುದು ಕ್ರ್ಯಾಂಕ್. ಕ್ರ್ಯಾಂಕಿನೊಳಕ್ಕೆ ಬರುವ ತುಂಡು ಬಿಗಿಯಾಗಿರುತ್ತದೆ, ಕ್ರ್ಯಾಂಕಿನಿಂದ ಹೊರಟ ತುಂಡು ಸಡಿಲವಾಗಿರುತ್ತದೆ. ಸ್ಪ್ರಿಂಗಿನ ತೋಳಿಗೆ ಕೆಲಸವಿರುವುದು ಸಡಿಲ ತುಂಡಿನಲ್ಲಿ. ಬಿಗಿ ತುಂಡಿನಲ್ಲಿ ಇಟ್ಟರೆ ಎಂಜಿನ್ ಜಗ್ಗಿದಾಗಲೆಲ್ಲ ತೋಳು ಹಿಂದಕ್ಕೆ ಮಣಿದು ಬೆಲ್ಟ್ ಇನ್ನೆಲ್ಲೋ ಸಡಿಲಾಗುತ್ತದೆ. ಆದ್ದರಿಂದ ಬೆಲ್ಟ್ ಓಡುವ ದಿಕ್ಕಿನಲ್ಲಿ ಕ್ರ್ಯಾಂಕ್ ಬಿಟ್ಟ ಮೇಲೆ ಮೊದಲು ಸಿಗುವ ನುಣುಪು ಚಕ್ರ ಟೆನ್ಷನರಿನದಾಗಿರುವ ಸಾಧ್ಯತೆ ಹೆಚ್ಚು. ಬೆಲ್ಟಿನ ಕಡೆಯಿಂದ ನೋಡಿದರೆ ಬಹುತೇಕ ಎಂಜಿನ್‌ಗಳು ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ, ತಿರುಗುಮುರುಗಾಗಿ ತಿರುಗುವ ಕೆಲವೂ ಇವೆ. ದಿಕ್ಕು ಖಚಿತವಾಗದೆ ಈ ತರ್ಕ ಹೂಡಿದರೆ ಉತ್ತರ ಸರಿಯಾಗಿ ಉಲ್ಟಾ ಬರುತ್ತದೆ. ಬೆಲ್ಟೇ ಎಂಜಿನ್ನನ್ನು ಸ್ಟಾರ್ಟ್ ಮಾಡುವ ಹೈಬ್ರಿಡ್ ಥರದ ಕಾರುಗಳಲ್ಲಿ ಇದು ನಡೆಯುವುದೇ ಇಲ್ಲ. ಅಲ್ಲಿ ಒಮ್ಮೆ ಕ್ರ್ಯಾಂಕ್ ಎಳೆಯುತ್ತದೆ, ಇನ್ನೊಮ್ಮೆ ಜನರೇಟರ್ ಎಳೆಯುತ್ತದೆ, ಬಿಗಿ ತುಂಡು ಸಡಿಲ ತುಂಡು ಅದಲುಬದಲಾಗುತ್ತವೆ. ಅದಕ್ಕಾಗಿಯೇ ಅಂಥವಕ್ಕೆ ಎರಡು ತೋಳು, ಎರಡು ಚಕ್ರದ ಟೆನ್ಷನರ್ ಹಾಕಿರುತ್ತಾರೆ.

ಈ ಕಾರಿನಲ್ಲಿ ತರ್ಕ ಮತ್ತು ಫೋಟೊ ಎರಡೂ ಒಂದೇ ಮಾತು ಹೇಳಿದವು. ಕ್ರ್ಯಾಂಕ್ ಮತ್ತು ಆಲ್ಟರ್ನೇಟರ್ ನಡುವಿನ ಕ್ಯಾಪ್ ಇರುವ ಚಕ್ರ ಟೆನ್ಷನರಿನದು. ಆಲ್ಟರ್ನೇಟರ್ ಮತ್ತು ನೀರಿನ ಪಂಪಿನ ನಡುವಿನ ಚಕ್ರಕ್ಕೆ ತೋಳಿಲ್ಲ, ಅದು ಬ್ರ್ಯಾಕೆಟ್ಟಿಗೆ ನೇರವಾಗಿ ಬೋಲ್ಟ್ ಆಗಿದೆ. ಬೆಲ್ಟ್ ಆ ಎರಡು ಪುಲ್ಲಿಗಳನ್ನು ಇನ್ನಷ್ಟು ಸುತ್ತಿ ಹಿಡಿಯಲಿ ಎಂಬುದಷ್ಟೇ ಅದರ ಉದ್ಯೋಗ. ಮೊದಲ ಫೋಟೊದಲ್ಲಿದ್ದ, ಕ್ಯಾಪ್ ಕಳೆದುಕೊಂಡ ಚಕ್ರ ಇದೇ. ಹೆಸರು: ಆಕ್ಸೆಸರಿ ಬೆಲ್ಟಿನ ಐಡ್ಲರ್ ಪುಲ್ಲಿ, ನುಣುಪು ಮೈಯದು.

ಅನುಮಾನ ಉಳಿದಿದ್ದರೆ ಒಂದು ವಿಡಿಯೊ ಸಾಕು. ಎಂಜಿನ್ ಐಡಲಿನಲ್ಲಿರುವಾಗ, ಕೈ ಮತ್ತು ಅಂಗಿಯ ತೋಳು ದೂರವಿಟ್ಟು, ಮೇಲಿನಿಂದಲೇ ಜೂಮ್ ಮಾಡಿ ತೆಗೆದದ್ದು. ಟೆನ್ಷನರಿನ ಚಕ್ರ ತಿರುಗುತ್ತಲೇ ಇದ್ದ ಜಾಗದಲ್ಲಿ ಸಣ್ಣಗೆ ನಡುಗುತ್ತಿರುತ್ತದೆ, ಎ.ಸಿ. ಹಾಕಿದ ಕ್ಷಣ ತೋಳು ಒಮ್ಮೆ ಅಲುಗುತ್ತದೆ. ಐಡ್ಲರಿನ ಬೋಲ್ಟ್ ಕದಲುವುದಿಲ್ಲ.

ಚಕ್ರದ ಮೇಲಿನ ಬರಹ

ಹೆಸರು ಸಿಕ್ಕ ಮೇಲೆ ಮಾಲೀಕರು ಚಕ್ರದ ಮೇಲಿದ್ದ ಅಕ್ಷರಗಳನ್ನು ಓದಿ ಕಳಿಸಿದರು. ಪ್ಲಾಸ್ಟಿಕ್ಕಿನಲ್ಲಿ ಉಬ್ಬಾಗಿ `>PA66-GF30<`, ಬೇರಿಂಗಿನ ರಬ್ಬರ್ ಸೀಲಿನ ಮೇಲೆ `6203-2RS`. ಇವನ್ನೇ ಹುಡುಕಿ ಆರ್ಡರ್ ಮಾಡಬಹುದೇ ಎಂಬುದು ಅವರ ಮುಂದಿನ ಪ್ರಶ್ನೆ.

ಎರಡೂ ಪಾರ್ಟ್ ನಂಬರ್ ಅಲ್ಲ. ಮೊದಲನೆಯದು ಪ್ಲಾಸ್ಟಿಕ್ಕಿನ ಜಾತಿ: ನೈಲಾನ್ 66, ಅದರಲ್ಲಿ ಶೇ. 30 ಗಾಜಿನ ನಾರು. ಮರುಬಳಕೆಯ ವೇಳೆ ಬೇರ್ಪಡಿಸಲು ಅನುಕೂಲವಾಗಲೆಂದು ಬಾಣದ ಗುರುತಿನ ನಡುವೆ ಅಚ್ಚು ಹಾಕುತ್ತಾರೆ. ರೇಡಿಯೇಟರ್ ಟ್ಯಾಂಕು, ಎಂಜಿನ್ ಕವರು, ಏರ್ ಇನ್‌ಟೇಕ್ ಎಲ್ಲದರ ಮೇಲೂ ಇಂಥದ್ದೊಂದು ಸಿಗುತ್ತದೆ. ಹಾಗಾಗಿ ಅದನ್ನು ಟೈಪ್ ಮಾಡಿ ಹುಡುಕಿದರೆ ಬೇರೆ ಏನೇನೋ ಬರುತ್ತದೆ. ಎರಡನೆಯದು ಒಳಗಿನ ಬೇರಿಂಗಿನ ಅಳತೆ: 6203 ಎಂದರೆ ಒಳ ತೂತು 17 ಮಿ.ಮೀ., ಹೊರ ವ್ಯಾಸ 40 ಮಿ.ಮೀ., ಅಗಲ 12 ಮಿ.ಮೀ. `2RS` ಎಂದರೆ ಎರಡೂ ಕಡೆ ರಬ್ಬರ್ ಸೀಲ್. ಇದೇ ಬೇರಿಂಗ್ ಎಷ್ಟೋ ಕಾರುಗಳ ಎಷ್ಟೋ ಅಳತೆಯ ಚಕ್ರಗಳಲ್ಲಿದೆ.

ಆದರೆ 6203 ಎಂಬ ನಂಬರ್ ವ್ಯರ್ಥವಾಗಲಿಲ್ಲ. ಚಾಸಿ ನಂಬರ್ ಹಾಕಿ ಕ್ಯಾಟಲಾಗ್ ತೆರೆದಾಗ ಆ ಎಂಜಿನ್ನಿಗೆ ಎರಡು ಐಡ್ಲರುಗಳು ಕಂಡವು, 65 ಮಿ.ಮೀ. ವ್ಯಾಸದ್ದೊಂದು, 70 ಮಿ.ಮೀ. ವ್ಯಾಸದ್ದೊಂದು. ತಯಾರಾದ ತಿಂಗಳ ಪ್ರಕಾರ ಒಂದು ನಿಂತು ಇನ್ನೊಂದು ಶುರುವಾಗಿದೆ, ಈ ಕಾರು ಸರಿಯಾಗಿ ಆ ಗಡಿಯಲ್ಲಿ ಬಿದ್ದಿದೆ. ಚಕ್ರ ಬಿಚ್ಚದೆ ಅಳೆಯುವುದು ಹೇಗೆ? ಬೇರಿಂಗಿನ ಹೊರ ಉಂಗುರ 40 ಮಿ.ಮೀ. ಎಂದು ಗೊತ್ತಿದೆ, ಅದು ಫೋಟೊದಲ್ಲೇ ಇದೆ, ಚಕ್ರದ ಜೊತೆ ಒಂದೇ ಮುಖದಲ್ಲಿ. ಅದೇ ಅಳತೆಕೋಲಾಯಿತು. ಓರೆಯಾಗಿ ತೆಗೆದ ಫೋಟೊದಲ್ಲಿ ವೃತ್ತ ಮೊಟ್ಟೆಯಾಕಾರವಾಗುತ್ತದೆ, ಆದರೆ ಅದರ ಉದ್ದನೆಯ ಅಡ್ಡಗೆರೆ ಕುಗ್ಗುವುದಿಲ್ಲ. ಆದ್ದರಿಂದ ಎರಡೂ ವೃತ್ತಗಳ ಉದ್ದದ ಗೆರೆಯನ್ನೇ ಅಳೆಯಬೇಕು. ಬೇರಿಂಗಿನದು 212 ಪಿಕ್ಸೆಲ್, ಚಕ್ರದ್ದು 371 ಪಿಕ್ಸೆಲ್ ಬಂತು.

```
371 / 212 × 40 = 70.0
```

ಇಲ್ಲಿ ಒಂದು ಸಣ್ಣ ತಪ್ಪು ಸೇರಿಕೊಳ್ಳುತ್ತದೆ. ಬೇರಿಂಗಿನ ಮುಖ ಚಕ್ರದ ಅಂಚಿಗಿಂತ ಒಂದೈದು ಮಿ.ಮೀ. ಒಳಗೆ ಕೂತಿರುತ್ತದೆ. ಫೋನ್ 30 ಸೆಂ.ಮೀ. ದೂರದಲ್ಲಿದ್ದರೆ ಒಳಗಿರುವುದು ಶೇ. 1.7ರಷ್ಟು ಚಿಕ್ಕದಾಗಿ ಕಾಣುತ್ತದೆ, ಅಂದರೆ ನಿಜವಾದ ವ್ಯಾಸ 69 ಇದ್ದರೂ ಇರಬಹುದು. ಪರವಾಗಿಲ್ಲ, 65ರಿಂದ ಅದು ಸಾಕಷ್ಟು ದೂರವಿದೆ. ಎರಡು ಆಯ್ಕೆಗಳ ನಡುವೆ ಒಂದೆರಡು ಮಿ.ಮೀ. ಮಾತ್ರ ವ್ಯತ್ಯಾಸವಿದ್ದಿದ್ದರೆ ಈ ಲೆಕ್ಕವನ್ನು ನಂಬುವಂತಿರಲಿಲ್ಲ, ಬಿಚ್ಚಿ ವರ್ನಿಯರ್ ಹಿಡಿಯುವುದೇ ದಾರಿ.

ಅಗಲವನ್ನೂ ಹೀಗೆ ಅಂದಾಜು ಮಾಡಬಹುದು. ಬೆಲ್ಟಿನ ಬೆನ್ನಿನ ಮೇಲೆ `6PK` ಎಂದಿತ್ತು, ಆರು ಏಣು. ಈ ಜಾತಿಯ ಬೆಲ್ಟಿನಲ್ಲಿ ಏಣಿನಿಂದ ಏಣಿಗೆ 3.56 ಮಿ.ಮೀ., ಹಾಗಾಗಿ ಬೆಲ್ಟಿನ ಅಗಲ ಸುಮಾರು 21 ಮಿ.ಮೀ. ನುಣುಪು ಚಕ್ರ ಅದಕ್ಕಿಂತ ತುಸು ಅಗಲವಿರಬೇಕು. `6PK` ಮುಂದಿನ ಅಂಕಿ ಬೆಲ್ಟಿನ ಉದ್ದ, ಮಿ.ಮೀ. ಲೆಕ್ಕದಲ್ಲಿ.

ಸದ್ದು ನಿಜವಾಗಿ ಇದರದ್ದೇ?

ಹೆಸರು ಸರಿಯಾಯಿತು ಎಂದ ಮಾತ್ರಕ್ಕೆ ಆ ಭಾಗವೇ ಕೆಟ್ಟಿದೆ ಎಂದಾಗುವುದಿಲ್ಲ. ಬೆಲ್ಟಿನ ಕಡೆಯ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಯಿಂದ ಹೇಳುವುದು ಕಷ್ಟ, ಆಲ್ಟರ್ನೇಟರ್ ಒಂದು ಗೇಣಿನ ದೂರದಲ್ಲಿದೆ. ಮೊದಲು ಮಾಡಿಸಿದ್ದು ನೀರಿನ ಪರೀಕ್ಷೆ. ಸದ್ದು ಬರುತ್ತಿರುವಾಗ ಬೆಲ್ಟಿನ ಏಣಿನ ಕಡೆಗೆ ಸ್ಪ್ರೇ ಬಾಟಲಿಯಿಂದ ದೂರದಿಂದ ಸ್ವಲ್ಪ ನೀರು ಹಾಯಿಸುವುದು. ಚಿಲಿಪಿಲಿ ಸದ್ದು ತಟ್ಟನೆ ನಿಂತು ಸ್ವಲ್ಪ ಹೊತ್ತಿಗೆ ಮರಳಿದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂದರ್ಥ. ಕಿರುಚು ಇನ್ನಷ್ಟು ಜೋರಾದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು, ಆಗ ಟೆನ್ಷನರಿನ ಮೇಲೆ ಅನುಮಾನ. ಇಲ್ಲಿ ನೀರು ಬಿದ್ದರೂ ಗರಗರ ಒಂದಿಷ್ಟೂ ಬದಲಾಗಲಿಲ್ಲ. ನೀರಿಗೆ ಜಗ್ಗದ ಸದ್ದು ಬಹುಮಟ್ಟಿಗೆ ಬೇರಿಂಗಿನದು.

ಯಾವ ಬೇರಿಂಗ್ ಎಂದು ತಿಳಿಯಲು ಬೆಲ್ಟ್ ಇಳಿಸಲೇಬೇಕು. ಇಳಿಸುವ ಮುನ್ನ ದಾರಿಯ ಫೋಟೊ ಇರಬೇಕು, ಓಡುವ ದಿಕ್ಕಿಗೆ ಬೆಲ್ಟಿನ ಬೆನ್ನಿನ ಮೇಲೆ ಸೀಮೆಸುಣ್ಣದ ಬಾಣ ಹಾಕಿಕೊಳ್ಳಬೇಕು. ಟೆನ್ಷನರಿನ ಗುಬುಟಿಗೆ ಉದ್ದ ಹಿಡಿಕೆಯ ಸ್ಪ್ಯಾನರ್ ಕೊಟ್ಟು, ಬೆಲ್ಟ್ ಸಡಿಲಾಗುವ ದಿಕ್ಕಿಗೆ ನಿಧಾನವಾಗಿ ತಿರುಗಿಸಿ, ಬೆಲ್ಟನ್ನು ಮೊದಲು ನುಣುಪು ಐಡ್ಲರಿನಿಂದ ಜಾರಿಸುವುದು ಸುಲಭ, ಅದಕ್ಕೆ ತೋಡುಗಳ ಹಿಡಿತವಿಲ್ಲ. ಕೈ ತಪ್ಪಿ ಬಿಟ್ಟರೆ ತೋಳು ಬಡಿಗೆಯಂತೆ ಹೊಡೆದು ವಾಪಸ್ಸಾಗುತ್ತದೆ. ಹಾಗೆ ಬಿಟ್ಟರೆ ಬೆರಳಿಗೂ ಪೆಟ್ಟು, ತೋಳಿನ ತಡೆಗಟ್ಟೆಯೂ ಒಡೆಯಬಹುದು. ಪಿನ್ ತೂರಿಸಿ ತೋಳನ್ನು ಹಿಡಿದು ನಿಲ್ಲಿಸುವ ತೂತು ಇದ್ದರೆ ಬಳಸಬೇಕು.

ಬೆಲ್ಟ್ ಇಳಿದ ಮೇಲೆ ಎರಡೂ ಕಪ್ಪು ಚಕ್ರಗಳನ್ನು ಬೆರಳಿನಿಂದ ತಿರುಗಿಸಿ ನೋಡಲಾಯಿತು. ಟೆನ್ಷನರಿನದು ಸದ್ದಿಲ್ಲದೆ, ಗ್ರೀಸಿನ ಎಳೆತದಿಂದ ಒಂದು ಸುತ್ತು ಹೋಗಿ ನಿಂತಿತು. ಒಳ್ಳೆಯ ಬೇರಿಂಗಿನ ಲಕ್ಷಣ ಅದು. ಐಡ್ಲರ್ ಹಗುರವಾಗಿ ಹಲವು ಸುತ್ತು ತಿರುಗಿತು, ಒಳಗೆ ಮರಳು ಉರುಳಿದಂಥ ಒಣ ಸದ್ದು. ತುಂಬಾ ಸಲೀಸಾಗಿ ತಿರುಗುತ್ತದೆ, ಅಂದ ಮೇಲೆ ಚೆನ್ನಾಗಿದೆ ಎಂದು ಹಲವರು ಇಲ್ಲಿ ಮೋಸಹೋಗುತ್ತಾರೆ. ಗ್ರೀಸ್ ಒಣಗಿದ್ದರಿಂದಲೇ ಆ ಸಲೀಸು. ಅಂಚು ಹಿಡಿದು ಮುಂದಕ್ಕೆ ಹಿಂದಕ್ಕೆ ಅಲ್ಲಾಡಿಸಿದಾಗ ಕೈಗೆ ತಿಳಿಯುವಷ್ಟು ಆಟವೂ ಇತ್ತು. ಕ್ಯಾಪ್ ಬಿದ್ದುಹೋಗಿ ಬೇರಿಂಗಿನ ಸೀಲು ನೇರವಾಗಿ ಧೂಳು ಕೆಸರಿಗೆ ಒಡ್ಡಿಕೊಂಡದ್ದು ಇದಕ್ಕೆ ಕಾರಣವೆನ್ನಲು ಅಡ್ಡಿಯಿಲ್ಲ, ಸೀಲಿನ ತುಟಿಯ ಸುತ್ತ ಕಂದು ಬಣ್ಣದ ತುಕ್ಕಿನ ಪುಡಿ ಗಟ್ಟಿಯಾಗಿ ಕೂತಿತ್ತು. ತಣ್ಣಗಿರುವಾಗ ಸದ್ದು ಜೋರು, ಬಿಸಿಯಾದಾಗ ಕಡಿಮೆ ಎಂಬುದೂ ಇದಕ್ಕೆ ಹೊಂದುತ್ತದೆ: ಉಳಿದಷ್ಟು ಗ್ರೀಸ್ ಬಿಸಿಗೆ ಕರಗಿ ಗುಂಡುಗಳ ಕಡೆಗೆ ಹರಿಯುತ್ತದೆ.

ಟೆನ್ಷನರಿನ ಮುಳ್ಳು, ಬೆಲ್ಟ್ ಇಳಿಸುವ ಮೊದಲು ತೆಗೆದ ಫೋಟೊದಲ್ಲಿ, ಎರಡು ಗೆರೆಗಳ ನಡುವೆಯೇ ಇತ್ತು. ಗೆರೆ ದಾಟಿದ್ದರೆ ಬೆಲ್ಟ್ ಸವೆದು ಉದ್ದವಾಗಿದೆ ಅಥವಾ ತಪ್ಪು ಉದ್ದದ ಬೆಲ್ಟ್ ಬಿದ್ದಿದೆ ಎನ್ನಬೇಕಿತ್ತು. ಆದ್ದರಿಂದ ಟೆನ್ಷನರ್ ಮುಟ್ಟುವ ಅಗತ್ಯವಿರಲಿಲ್ಲ. ಮೊದಲ ಉತ್ತರ ನಂಬಿ ಪೂರ್ತಿ ಟೆನ್ಷನರ್ ತರಿಸಿ ಹಾಕಿದ್ದರೆ ಸದ್ದು ಅಲ್ಲೇ ಇರುತ್ತಿತ್ತು.

ಏನು ತರಿಸಬೇಕು, ಹೇಗೆ ಕೂರಿಸಬೇಕು

ಬರೀ 6203 ಬೇರಿಂಗ್ ತಂದು ಒತ್ತಿಸಿಕೊಳ್ಳಬಹುದಲ್ಲ ಎಂಬ ಸಲಹೆ ಇಂಥ ಸಂದರ್ಭದಲ್ಲಿ ಬಂದೇ ಬರುತ್ತದೆ. ಉಕ್ಕಿನ ಚಕ್ರದಲ್ಲಿ ಬೇರಿಂಗನ್ನು ಒತ್ತಿ ಲಾಕ್ ರಿಂಗ್ ಹಾಕಿದ್ದರೆ ಅದು ಆಗುವ ಕೆಲಸ. ಪ್ಲಾಸ್ಟಿಕ್ ಚಕ್ರದಲ್ಲಿ ಬೇರಿಂಗಿನ ಸುತ್ತಲೇ ಪ್ಲಾಸ್ಟಿಕ್ಕನ್ನು ಎರಕ ಹೊಯ್ದಿರುತ್ತಾರೆ, ಹಳೆಯದನ್ನು ಒತ್ತಿ ತೆಗೆದರೆ ಹಿಡಿತವೂ ಹೋಯಿತು. ಹೊಸದು ಒಳಗೆ ಕೂತಂತೆ ಕಂಡರೂ ಬಿಸಿಯಾದಾಗ ಪ್ಲಾಸ್ಟಿಕ್ ಹಿಗ್ಗಿ ಚಕ್ರ ಪಕ್ಕಕ್ಕೆ ಸರಿಯುತ್ತದೆ. ವೇಗದ ಲೆಕ್ಕವೂ ಇದೆ. ಕ್ರ್ಯಾಂಕ್ ಪುಲ್ಲಿ 140 ಮಿ.ಮೀ., ಐಡ್ಲರ್ 70 ಮಿ.ಮೀ. ಎಂದಿಟ್ಟುಕೊಂಡರೆ ಎಂಜಿನ್ 6000 ಆರ್‌ಪಿಎಂ ತಿರುಗುವಾಗ ಐಡ್ಲರ್ 12,000 ತಿರುಗುತ್ತದೆ, ಅದೂ ಎಂಜಿನ್ನಿನ ಬಿಸಿಯಲ್ಲಿ. ರಬ್ಬರ್ ಸೀಲಿನ ಸಾಮಾನ್ಯ 6203ಕ್ಕೆ ತಯಾರಕರು ಹಾಕುವ ಮಿತಿ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಚಕ್ರ ಪೂರ್ತಿ ಬದಲಿಸುವುದೇ ಸರಿ, ಕ್ಯಾಪ್ ಸಮೇತ.

ಕೇಳುವಾಗ ಹೇಳಬೇಕಾದ ಮಾತು ಹೀಗಾಯಿತು: "ಆಕ್ಸೆಸರಿ ಬೆಲ್ಟಿನ ಐಡ್ಲರ್ ಪುಲ್ಲಿ, ಟೆನ್ಷನರ್ ಅಲ್ಲ. ನುಣುಪು, 70 ಮಿ.ಮೀ. ವ್ಯಾಸ, ಆರು ಏಣಿನ ಬೆಲ್ಟಿಗೆ, ಆಲ್ಟರ್ನೇಟರ್ ಮತ್ತು ನೀರಿನ ಪಂಪ್ ನಡುವಿನದು." ಜೊತೆಗೆ ಚಾಸಿ ನಂಬರ್. ಎಲ್ಲಿ ಕೂರುವುದು ಎಂಬುದನ್ನು ಹೇಳುವುದು ಅತಿಯೆನಿಸಬಹುದು, ಆದರೆ ಒಂದೇ ಎಂಜಿನ್ನಿನಲ್ಲಿ ಎರಡು ಮೂರು ಐಡ್ಲರ್ ಇರುವ ಕಾರುಗಳಲ್ಲಿ ಕ್ಯಾಟಲಾಗಿನ ಚಿತ್ರದಲ್ಲಿ ಸರಿಯಾದ ನಂಬರ್ ಹಿಡಿಯಲು ಅದೇ ಬೇಕು.

ಹೊಸದು ಬಂದಾಗ ಹಳೆಯದರ ಪಕ್ಕ ಇಟ್ಟು ನೋಡಬೇಕಾದ್ದು ವ್ಯಾಸಕ್ಕಿಂತ ಹೆಚ್ಚಾಗಿ ಬುಷ್. ಬೇರಿಂಗಿನ ತೂತು 17 ಮಿ.ಮೀ., ಬೋಲ್ಟ್ 10 ಮಿ.ಮೀ. ನಡುವಿನ ಜಾಗ ತುಂಬುವುದು ಒಂದು ಮೆಟ್ಟಿಲಿನ ಬುಷ್. ಅದರ ಒಂದು ಕಡೆಯ ಕಾಲರ್ ದಪ್ಪ, ಇನ್ನೊಂದು ಕಡೆಯದು ತೆಳು. ದಪ್ಪ ಕಡೆ ಬ್ರ್ಯಾಕೆಟ್ಟಿಗೆ ಕೂರಬೇಕೋ ಹೊರಗೆ ಬರಬೇಕೋ ಎಂಬುದರ ಮೇಲೆ ಚಕ್ರ ಉಳಿದ ಪುಲ್ಲಿಗಳ ಸಾಲಿಗೆ ಬರುತ್ತದೆ ಅಥವಾ ತಪ್ಪುತ್ತದೆ. ಹಳೆಯದನ್ನು ಬಿಚ್ಚುವಾಗ ಬುಷ್ ಕೈಯಿಂದ ಜಾರಿ ಬಿದ್ದರೆ ಯಾವ ಮುಖ ಯಾವ ಕಡೆಗಿತ್ತು ಎಂಬುದು ಮರೆತುಹೋಗುತ್ತದೆ, ಬಿಚ್ಚುವ ಮುನ್ನ ಅಂಚಿನ ಕಡೆಯಿಂದ ಒಂದು ಫೋಟೊ ಇರಲಿ.

ಬೋಲ್ಟನ್ನು ಮೊದಲು ಕೈಯಿಂದ ಹತ್ತಿಸಿ, ಆ ಎಂಜಿನ್ನಿನ ಮ್ಯಾನುಯಲ್ ಹೇಳುವ ಟಾರ್ಕ್‌ಗೆ ಬಿಗಿಮಾಡಬೇಕು. ಬ್ರ್ಯಾಕೆಟ್ ಅಲ್ಯೂಮಿನಿಯಂ ಆಗಿದ್ದರೆ ಅಂದಾಜಿನ ಬಿಗಿ ಥ್ರೆಡ್ ಹರಿಯುವಲ್ಲಿಗೆ ಮುಗಿಯುತ್ತದೆ. ಕೆಲವು ಕಾರುಗಳಲ್ಲಿ ಟೆನ್ಷನರಿನ ಚಕ್ರದ ಬೋಲ್ಟ್ ಎಡ ಥ್ರೆಡ್ಡಿನದು, ಬಿಚ್ಚುತ್ತಿದ್ದೇವೆಂದುಕೊಂಡು ಇನ್ನಷ್ಟು ಬಿಗಿದು ತಲೆ ಮುರಿದುಕೊಳ್ಳುವವರಿದ್ದಾರೆ. ಈ ಐಡ್ಲರಿನದು ಬಲ ಥ್ರೆಡ್ಡೇ ಆಗಿತ್ತು.

ಬೆಲ್ಟ್ ಮತ್ತೆ ಏರಿಸುವಾಗ ಐಡ್ಲರನ್ನು ಕೊನೆಗೆ ಬಿಟ್ಟು, ಉಳಿದ ಪ್ರತಿ ಪುಲ್ಲಿಯ ತೋಡಿನಲ್ಲೂ ಆರೂ ಏಣು ಕೂತಿವೆಯೇ ಎಂದು ಬೆರಳಾಡಿಸಿ ನೋಡಬೇಕು. ಒಂದು ಏಣು ಪಕ್ಕಕ್ಕೆ ಸರಿದು ಕೂತರೂ ಬೆಲ್ಟಿನ ಅಂಚು ದಾರದಾರವಾಗಿ ಬಿಚ್ಚಿಕೊಳ್ಳುತ್ತದೆ, ಕೆಳಗಿನ ಕ್ರ್ಯಾಂಕ್ ಪುಲ್ಲಿ ಕಣ್ಣಿಗೆ ಕಾಣದಿರುವುದರಿಂದ ತಪ್ಪುವುದು ಸಾಮಾನ್ಯವಾಗಿ ಅಲ್ಲೇ. ಎಂಜಿನ್ ಸ್ಟಾರ್ಟ್ ಮಾಡಿ ಹತ್ತು ಸೆಕೆಂಡ್ ಓಡಿಸಿ ನಿಲ್ಲಿಸಿ, ಹೊಸ ಚಕ್ರದ ಮೇಲೆ ಬೆಲ್ಟ್ ನಡುವೆ ನಿಂತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿದಾಗ ಎರಡೂ ಅಂಚಿನಲ್ಲಿ ಸಮನಾಗಿ ಜಾಗ ಉಳಿದಿತ್ತು. ಒಂದು ಕಡೆಗೆ ಒತ್ತರಿಸಿ ಓಡುತ್ತಿದ್ದರೆ ಮತ್ತೆ ಬಿಚ್ಚಿ ಬುಷ್ ತಿರುಗಿಸಬೇಕಾಗುತ್ತಿತ್ತು.